ಕೊನೆಯ ಕಂತಿಗೆ ಮುನ್ನ ಒಂದು ಪತ್ರ

ವೈರಿಂಗ್ ಕೆಲಸದ ತಕರಾರು ಹೆಚ್ಚಾಗಿ ಶುರುವಾಗುವುದು ಪಾಯಿಂಟ್ ಲೆಕ್ಕದಿಂದ. ಮೆಟ್ಟಿಲ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ ಇರುತ್ತದೆ. ಮನೆಯವರು ಅದನ್ನು ಒಂದು ಪಾಯಿಂಟ್ ಎಂದುಕೊಂಡರೆ ಗುತ್ತಿಗೆದಾರರು ಎರಡು ಎನ್ನುತ್ತಾರೆ. ಆದ್ದರಿಂದ ವೈರ್ ಎಳೆಯುವ ಮೊದಲೇ ಮನೆಯವರು ಗುತ್ತಿಗೆದಾರರಿಗೆ ಒಂದು ಪತ್ರ ಬರೆದು ಇಬ್ಬರೂ ಸಹಿ ಹಾಕಿಕೊಳ್ಳುವುದು ಕ್ಷೇಮ. ಯಾವ ಕೋಣೆಯಲ್ಲಿ ಎಷ್ಟು ದೀಪ, ಫ್ಯಾನ್, ಪ್ಲಗ್ ಇರಬೇಕು, ಯಾವುದಕ್ಕೆ ಎಷ್ಟು ದಪ್ಪದ ವೈರ್ ಬೇಕು ಎಂಬುದೆಲ್ಲ ಅದರಲ್ಲಿರಲಿ.

ದಪ್ಪದ ವಿಷಯಕ್ಕೆ ಬಚ್ಚಲುಮನೆಯ ಗೀಸರನ್ನೇ ನೋಡಿ. 3000 ವಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. ಉಳಿತಾಯಕ್ಕೆಂದು ಅದಕ್ಕೆ ದೀಪದ 1.5 ಚದರ ಮಿಲಿಮೀಟರ್ ವೈರ್ ಹಾಕಿ, ಅದೇ ಲೈನಿನಿಂದ ಇಸ್ತ್ರಿ ಪೆಟ್ಟಿಗೆಗೂ ಪ್ಲಗ್ ಕೊಟ್ಟರೆ ಒಟ್ಟು 17 ಆಂಪಿಯರ್ ದಾಟುತ್ತದೆ. ಆ ಲೈನಿಗೆ 20 ಆಂಪಿಯರ್ ಎಂಸಿಬಿ ಇದ್ದರೆ ಅದು ಬೀಳುವುದಿಲ್ಲ. ಗೋಡೆಯೊಳಗಿನ ವೈರ್ ಮಾತ್ರ ಕಾಯುತ್ತಲೇ ಇರುತ್ತದೆ. ಅದಕ್ಕೇ ಪತ್ರದಲ್ಲಿ ಹೀಗೆ ಬರೆಯಬೇಕು: ‘ದೀಪ, ಫ್ಯಾನಿಗೆ 1.5, ಪವರ್ ಪ್ಲಗ್‌ಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರ್. ಗೀಸರ್‌ಗೂ ಎಸಿಗೂ ಪ್ರತ್ಯೇಕ ಲೈನ್, ಪ್ರತ್ಯೇಕ ಎಂಸಿಬಿ.’

ವೈರಿನ ಮೇಲೆ ಐಎಸ್‌ಐ ಗುರುತು, IS 694 ಎಂಬ ಸಂಖ್ಯೆ ಮತ್ತು ಅಳತೆ ಅಚ್ಚಾಗಿರಬೇಕು. ಕಾಯಿಲ್‌ನ ಸೀಲ್ ಮನೆಯವರ ಎದುರಿಗೇ ಒಡೆಯಲಿ.

ಪತ್ರದ ಮುಖ್ಯ ಭಾಗವೆಂದರೆ ಪರೀಕ್ಷೆ. ದೀಪ ಉರಿದ ಮಾತ್ರಕ್ಕೆ ವೈರಿಂಗ್ ಸರಿಯಿದೆ ಎಂದಲ್ಲ. ಮೇನ್ ಆಫ್ ಮಾಡಿ, ಬಲ್ಬು, ಉಪಕರಣಗಳನ್ನೆಲ್ಲ ಕಳಚಿ, ಸ್ವಿಚ್‌ಗಳನ್ನು ಆನ್ ಇಟ್ಟು, ಮೆಗ್ಗರ್‌ನಿಂದ 500 ವೋಲ್ಟ್ ಡಿಸಿ ಕೊಟ್ಟು ಒಂದೊಂದೇ ಲೈನನ್ನು ಅರ್ಥ್‌ನೊಂದಿಗೆ ಅಳೆಯಬೇಕು. ಕನಿಷ್ಠ 1 ಮೆಗಾ ಓಮ್ ಬರಬೇಕು; ಒಣಗಿದ ಹೊಸ ಮನೆಯಲ್ಲಿ ಅದಕ್ಕಿಂತ ಬಹಳ ಹೆಚ್ಚೇ ಬರುತ್ತದೆ. ಒಂದು ಕೋಣೆಯ ಲೈನ್ ಮಾತ್ರ 0.3 ತೋರಿಸಿದರೆ ಪೈಪಿನಲ್ಲಿ ನೀರು ನಿಂತಿರಬಹುದು, ವೈರ್ ಎಳೆಯುವಾಗ ಅದರ ಹೊದಿಕೆ ಸುಲಿದಿರಬಹುದು, ಅಥವಾ ಮೊಳೆ ತಗುಲಿರಬಹುದು. ಈ ಪರೀಕ್ಷೆ ಬಣ್ಣ ಬಳಿಯುವ ಮೊದಲೇ ಆದರೆ ಗೋಡೆ ಒಡೆದು ಸರಿಪಡಿಸುವ ಖರ್ಚು ಕಡಿಮೆ.

ಇನ್ನೊಂದು ಆರ್‌ಸಿಸಿಬಿ. ಮನೆಗೆ 30 ಮಿಲಿ ಆಂಪಿಯರ್‌ನದು ಇರಲಿ. ಅದರ ಟೆಸ್ಟ್ ಬಟನ್ ಒತ್ತಿದಾಗ ಅದು ಬೀಳಲೇಬೇಕು. ಆದರೆ ಅರ್ಥ್ ವೈರ್ ಇಲ್ಲದಿದ್ದರೂ ಆ ಬಟನ್ ಕೆಲಸ ಮಾಡುತ್ತದೆಂಬುದು ಬಹಳ ಜನಕ್ಕೆ ತಿಳಿದಿಲ್ಲ. ಹಾಗಾಗಿ ಪ್ರತಿ ಪ್ಲಗ್‌ನ ಅರ್ಥ್ ಪಿನ್ನಿನಿಂದ ಡಿಬಿಯ ಅರ್ಥ್ ಪಟ್ಟಿವರೆಗೆ ಬೇರೆಯಾಗಿ ಅಳೆಯಿಸಿ; ಅದು 1 ಓಮ್ ಮೀರಬಾರದು.

ಅಳತೆಗಳನ್ನು ಲೈನ್‌ವಾರು ಬರೆದು, ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ಸಹಿ ಪಡೆದು, ಆ ಹಾಳೆ ಕೈಗೆ ಬಂದ ಮೇಲೆಯೇ ಕೊನೆಯ ಕಂತು ಕೊಡಿ.