ಜಿಡ್ಡಿಗೆ ತೆರೆಯದ ಬಾಗಿಲು

1984ರ ಫೆಬ್ರುವರಿ 14. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಆರು ವರ್ಷದ ಹುಡುಗಿಯೊಬ್ಬಳಿಗೆ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಎರಡು ಅಂಗಗಳನ್ನು ಬದಲಾಯಿಸಲಾಯಿತು. ಒಂದು ಹೃದಯ, ಇನ್ನೊಂದು ಯಕೃತ್ತು. ಟೆಕ್ಸಾಸ್ ರಾಜ್ಯದ ಆ ಹುಡುಗಿಯ ಹೆಸರು ಸ್ಟಾರ್ಮಿ ಜೋನ್ಸ್. ಶಾಲೆಗೆ ಹೋಗುವ ವಯಸ್ಸಿನಲ್ಲೇ ಅವಳಿಗೆ ಹೃದಯಾಘಾತವಾಗಿತ್ತು. ಬೈಪಾಸ್ ಚಿಕಿತ್ಸೆ ಮಾಡಿದರೂ ಹೃದಯ ಸುಧಾರಿಸಲಿಲ್ಲ.

ಕೆಟ್ಟ ಹೃದಯವನ್ನು ಬದಲಿಸಿದ್ದು ಸರಿ. ಆದರೆ ಯಕೃತ್ತನ್ನೇಕೆ ಬದಲಿಸಬೇಕಿತ್ತು? ಅವಳಿಗಿದ್ದ ಕಾಯಿಲೆಯಲ್ಲಿ ಯಕೃತ್ತು ಗಟ್ಟಿಯಾಗುವುದಿಲ್ಲ, ಕಾಮಾಲೆ ಬರುವುದಿಲ್ಲ, ಪಿತ್ತರಸ ನಿಲ್ಲುವುದಿಲ್ಲ. ಅದು ಮಾಡದೆ ಬಿಟ್ಟ ಕೆಲಸ ಒಂದೇ ಒಂದು: ತಾನೇ ಹೊರಗೆ ಕಳಿಸಿದ ಕೊಲೆಸ್ಟರಾಲನ್ನು ಮರಳಿ ಒಳಗೆ ತೆಗೆದುಕೊಳ್ಳುವುದು. ಆ ಒಂದು ಕೆಲಸ ನಿಂತರೆ ಏನಾಗುತ್ತದೆ ಎಂಬುದಕ್ಕೆ ಈ ಹುಡುಗಿಯ ರಕ್ತವೇ ಸಾಕ್ಷಿಯಾಗಿತ್ತು. ನೂರು ಮಿಲಿಲೀಟರ್ ರಕ್ತದ್ರವದಲ್ಲಿ ‘ಕೆಟ್ಟ ಕೊಲೆಸ್ಟರಾಲ್’ ಎಂದು ನಾವು ಕರೆಯುವ ಎಲ್‌ಡಿಎಲ್ 988 ಮಿಲಿಗ್ರಾಂ ಇತ್ತು. ಆರೋಗ್ಯವಂತರಲ್ಲಿ ಅದು 100ರ ಆಸುಪಾಸಿನಲ್ಲಿರುತ್ತದೆ.

ಎಣ್ಣೆ ಇಳಿಸಿ ಮೇಣ ಉಳಿಸಿಕೊಳ್ಳುವ ಲಾರಿ

ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವುದನ್ನು ಎಲ್ಲರೂ ನೋಡಿದ್ದೇವೆ. ನೀರಿನಲ್ಲಿ ಜಿಡ್ಡು ಕರಗದು. ರಕ್ತದ ಬಹುಪಾಲು ನೀರೇ ಆದ್ದರಿಂದ ಅದರೊಳಗೆ ಜಿಡ್ಡನ್ನು ಸಾಗಿಸಲು ದೇಹ ಒಂದು ಉಪಾಯ ಮಾಡಿಕೊಂಡಿದೆ. ಜಿಡ್ಡನ್ನು ಸಣ್ಣ ಸಣ್ಣ ಗುಂಡುಗಳನ್ನಾಗಿ ಮಾಡಿ, ಅವುಗಳ ಹೊರಮೈಗೆ ನೀರಿನೊಡನೆ ಹೊಂದಿಕೊಳ್ಳುವ ಪ್ರೋಟೀನಿನ ಹೊದಿಕೆ ಹಾಕುತ್ತದೆ. ಇವೇ ಲಿಪೊಪ್ರೋಟೀನುಗಳು. ಇವುಗಳನ್ನು ರಕ್ತದ ಹಾದಿಯಲ್ಲಿ ಓಡುವ ಸರಕು ಲಾರಿಗಳೆಂದು ಭಾವಿಸಬಹುದು.

ಯಕೃತ್ತಿನಿಂದ ಹೊರಡುವ ಲಾರಿಗೆ ವಿಎಲ್‌ಡಿಎಲ್ ಎಂದು ಹೆಸರು. ಅದರಲ್ಲಿ ಎರಡು ಬಗೆಯ ಸರಕಿರುತ್ತದೆ. ಹೆಚ್ಚಿನದು ಟ್ರೈಗ್ಲಿಸರೈಡ್, ಅಂದರೆ ಉರಿಸಿ ಶಕ್ತಿ ಪಡೆಯಬಹುದಾದ ಎಣ್ಣೆ. ಉಳಿದದ್ದು ಕೊಲೆಸ್ಟರಾಲ್ ಎಂಬ ಮೇಣದಂಥ ವಸ್ತು. ಸ್ನಾಯುಗಳಲ್ಲಿ, ಕೊಬ್ಬಿನ ಪದರದಲ್ಲಿ ಹಾದುಹೋಗುವ ಸೂಕ್ಷ್ಮ ರಕ್ತನಾಳಗಳ ಗೋಡೆಗೆ ಒಂದು ಕಿಣ್ವ ಅಂಟಿಕೊಂಡಿರುತ್ತದೆ. ಲಾರಿ ಬಂದೊಡನೆ ಅದು ಎಣ್ಣೆಯನ್ನು ಒಡೆದು ಇಳಿಸಿಕೊಳ್ಳುತ್ತದೆ. ಸ್ನಾಯು ಅದನ್ನು ಉರಿಸುತ್ತದೆ, ಕೊಬ್ಬಿನ ಪದರ ಶೇಖರಿಸಿಡುತ್ತದೆ.

ಎಣ್ಣೆ ಇಳಿದಂತೆಲ್ಲ ಲಾರಿ ಚಿಕ್ಕದಾಗುತ್ತಾ ಬರುತ್ತದೆ. ಆದರೆ ಮೇಣ ಮಾತ್ರ ಹಾಗೆಯೇ ಉಳಿದಿರುತ್ತದೆ. ಹೀಗೆ ಕುಗ್ಗಿದ ಗುಂಡುಗಳಲ್ಲಿ ಕೆಲವು ಬೇಗನೆ ಯಕೃತ್ತಿಗೆ ಮರಳುತ್ತವೆ. ಉಳಿದವು ಇನ್ನೂ ಕುಗ್ಗಿ ಎಲ್‌ಡಿಎಲ್ ಆಗುತ್ತವೆ. ಅಂದರೆ ಎಲ್‌ಡಿಎಲ್ ಎಂಬುದು ಹೊರಗಿನಿಂದ ಬಂದ ವಿಷವಲ್ಲ. ಎಣ್ಣೆ ಹಂಚಿ ಮುಗಿಸಿ ಮನೆಗೆ ಮರಳಬೇಕಾದ ಗಾಡಿ. ಆರೋಗ್ಯವಂತರ ರಕ್ತದಲ್ಲಿರುವ ಎಲ್‌ಡಿಎಲ್‌ನ ಅರ್ಧದಷ್ಟು ಸುಮಾರು ಎರಡೂವರೆ ದಿನದಲ್ಲಿ ಹೊರಹೋಗುತ್ತದೆ. ಅದನ್ನು ಹೀರಿಕೊಳ್ಳುವ ಮುಖ್ಯ ಅಂಗ ಯಕೃತ್ತು.

ಯಕೃತ್ತಿಗೇ ಏಕೆ ಮರಳಬೇಕು? ಸಕ್ಕರೆಯನ್ನು ಉರಿಸಿದಂತೆ ಕೊಲೆಸ್ಟರಾಲನ್ನು ಉರಿಸಿ ಮುಗಿಸಲು ನಮ್ಮ ಯಾವ ಜೀವಕೋಶಕ್ಕೂ ಬರುವುದಿಲ್ಲ. ಯಕೃತ್ತು ಮಾತ್ರ ಅದನ್ನು ಪಿತ್ತಾಮ್ಲವಾಗಿ ಮಾರ್ಪಡಿಸಿಯೋ ಇದ್ದಂತೆಯೇ ಪಿತ್ತರಸದಲ್ಲಿ ಬೆರೆಸಿಯೋ ಕರುಳಿಗೆ ಬಿಡಬಲ್ಲದು. ದೇಹದಿಂದ ಕೊಲೆಸ್ಟರಾಲ್ ಹೊರಹೋಗುವ ಮುಖ್ಯ ದಾರಿ ಇದೇ.

ಚರ್ಮದ ಚೂರು ಹೇಳಿದ ಸತ್ಯ

ಎಲ್‌ಡಿಎಲ್ ಜೀವಕೋಶದೊಳಗೆ ಹೋಗುವುದು ಹೇಗೆಂದು ಕಂಡುಹಿಡಿದವರು ಟೆಕ್ಸಾಸ್‌ನ ಡಲ್ಲಾಸ್ ನಗರದ ಇಬ್ಬರು ವೈದ್ಯ ವಿಜ್ಞಾನಿಗಳು, ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. ವಂಶಪಾರಂಪರ್ಯವಾಗಿ ಕೊಲೆಸ್ಟರಾಲ್ ಏರುವ ಕಾಯಿಲೆ ಅವರ ಅಧ್ಯಯನದ ವಿಷಯವಾಗಿತ್ತು. ರೋಗಿಯ ಯಕೃತ್ತನ್ನು ಕತ್ತರಿಸಿ ನೋಡುವುದು ಸುಲಭವಲ್ಲ. ಹೀಗಾಗಿ ಅವರು ಚರ್ಮದ ಚಿಕ್ಕ ಚೂರು ತೆಗೆದು ಅದರ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರು.

ಪ್ರತಿ ಜೀವಕೋಶವೂ ತನಗೆ ಬೇಕಾದ ಕೊಲೆಸ್ಟರಾಲನ್ನು ತಾನೇ ತಯಾರಿಸಿಕೊಳ್ಳಬಲ್ಲದು. ಆರೋಗ್ಯವಂತರ ಜೀವಕೋಶಗಳ ಸುತ್ತ ಎಲ್‌ಡಿಎಲ್ ಹಾಕಿದಾಗ ಅವು ಈ ತಯಾರಿಕೆಯನ್ನು ನಿಲ್ಲಿಸಿಬಿಟ್ಟವು. ಹೊರಗಿನಿಂದ ಸರಕು ಬರುತ್ತಿರುವಾಗ ಮನೆಯಲ್ಲೇಕೆ ಮಾಡಬೇಕು? ರೋಗಿಗಳ ಜೀವಕೋಶಗಳಾದರೋ ಎಷ್ಟು ಎಲ್‌ಡಿಎಲ್ ಹಾಕಿದರೂ ಲೆಕ್ಕಿಸದೆ ತಯಾರಿಸುತ್ತಲೇ ಇದ್ದವು.

ಹಾಗಾದರೆ ಕಾರ್ಖಾನೆಯ ಸ್ವಿಚ್ಚೇ ಕೆಟ್ಟಿದೆಯೇ? ಇದನ್ನು ತಿಳಿಯಲು ಅವರು ಸರಳವಾದ ಪರೀಕ್ಷೆಯೊಂದನ್ನು ಮಾಡಿದರು. ಕೊಲೆಸ್ಟರಾಲನ್ನು ಲಿಪೊಪ್ರೋಟೀನಿನ ಹೊದಿಕೆ ಇಲ್ಲದೆ, ಆಲ್ಕೊಹಾಲಿನಲ್ಲಿ ಕರಗಿಸಿ ಕೊಟ್ಟರು. ಅದು ಬಾಗಿಲಿನ ಹಂಗಿಲ್ಲದೆ ಕೋಶದ ಪೊರೆಯ ಮೂಲಕವೇ ಒಳನುಸುಳುತ್ತದೆ. ಆಗ ರೋಗಿಗಳ ಜೀವಕೋಶಗಳೂ ತಯಾರಿಕೆ ನಿಲ್ಲಿಸಿದವು! ಸ್ವಿಚ್ಚು ಸರಿಯಾಗಿಯೇ ಇತ್ತು. ಎಲ್‌ಡಿಎಲ್ ಒಳಬರುವ ಬಾಗಿಲು ಇರಲಿಲ್ಲ. ಜೀವಕೋಶದ ಹೊರಮೈಯಲ್ಲಿ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆದುಕೊಳ್ಳುವ ಪ್ರೋಟೀನೇ ಆ ಬಾಗಿಲು. ಅದಕ್ಕೆ ಎಲ್‌ಡಿಎಲ್ ಗ್ರಾಹಕ ಎಂಬ ಹೆಸರು ಬಂತು. ಈ ಕೆಲಸಕ್ಕಾಗಿ ಇಬ್ಬರಿಗೂ 1985ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಸ್ಟಾರ್ಮಿಯ ಚರ್ಮದ ಜೀವಕೋಶಗಳನ್ನೂ ಹೀಗೆಯೇ ಪರೀಕ್ಷಿಸಲಾಗಿತ್ತು. ತಾಯಿಯಿಂದ ಬಂದ ಜೀನ್ ಗ್ರಾಹಕವನ್ನು ತಯಾರಿಸುತ್ತಲೇ ಇರಲಿಲ್ಲ. ತಂದೆಯಿಂದ ಬಂದದ್ದು ತಯಾರಿಸುತ್ತಿತ್ತು, ಆದರೆ ಆ ಗ್ರಾಹಕ ಕೋಶದ ಹೊರಮೈಗೆ ಬಾರದೆ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಒಬ್ಬರ ಮನೆಗೆ ಬಾಗಿಲೇ ಮಾಡಿಸಿಲ್ಲ, ಇನ್ನೊಬ್ಬರ ಮನೆಯ ಬಾಗಿಲು ಬಡಗಿಯ ಅಂಗಳದಲ್ಲೇ ಉಳಿದಿದೆ. ಫಲ ಎರಡರಲ್ಲೂ ಒಂದೇ.

ಹೊಸ ಯಕೃತ್ತು ಬಂದ ಮೇಲೆ ಅವಳ ಎಲ್‌ಡಿಎಲ್ 988ರಿಂದ 184ಕ್ಕೆ ಇಳಿಯಿತು. ವಿಕಿರಣದ ಗುರುತು ಹಚ್ಚಿದ ಎಲ್‌ಡಿಎಲ್ ಅನ್ನು ರಕ್ತಕ್ಕೆ ಬಿಟ್ಟು ನೋಡಿದಾಗ, ಅದು ಮೊದಲಿಗಿಂತ ಎರಡೂವರೆ ಪಟ್ಟು ವೇಗವಾಗಿ ರಕ್ತದಿಂದ ಹೊರಹೋಗುತ್ತಿತ್ತು. ಅವಳ ಚರ್ಮ, ಸ್ನಾಯು ಯಾವುದರಲ್ಲೂ ಬಾಗಿಲು ಹೊಸದಾಗಿ ಬಂದಿರಲಿಲ್ಲ. ಯಕೃತ್ತಿನ ಬಾಗಿಲುಗಳೇ ಇಡೀ ದೇಹದ ಎಲ್‌ಡಿಎಲ್ ಅನ್ನು ಬಹುಮಟ್ಟಿಗೆ ನಿಯಂತ್ರಿಸುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿರಲಿಲ್ಲ.

ಔಷಧ ಎಲ್ಲಿ ಸೋಲುತ್ತದೆ

ಇಂದು ಲಕ್ಷಾಂತರ ಜನ ನುಂಗುವ ಸ್ಟಾಟಿನ್ ಮಾತ್ರೆ ಕೆಲಸ ಮಾಡುವುದೂ ಈ ಬಾಗಿಲಿನ ಮೂಲಕವೇ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಿಂದ ಮೊದಲ ಸ್ಟಾಟಿನ್ ಬೇರ್ಪಡಿಸಿದರು. ಈ ಮಾತ್ರೆ ರಕ್ತದ ಕೊಲೆಸ್ಟರಾಲನ್ನು ಕರಗಿಸುತ್ತದೆಂದು ಹಲವರು ತಿಳಿದಿದ್ದಾರೆ. ಅದು ಹಾಗಲ್ಲ. ಸ್ಟಾಟಿನ್ ಯಕೃತ್ತಿನೊಳಗಿನ ತಯಾರಿಕೆಗೆ ತಡೆ ಹಾಕುತ್ತದೆ. ಒಳಗೆ ಕೊರತೆಯಾದಾಗ ಯಕೃತ್ತು ಹೊರಗಿನಿಂದ ತರಿಸಿಕೊಳ್ಳಲು ಹೆಚ್ಚು ಬಾಗಿಲುಗಳನ್ನು ತೆರೆಯುತ್ತದೆ. ರಕ್ತದ ಎಲ್‌ಡಿಎಲ್ ಇಳಿಯುವುದು ಮುಖ್ಯವಾಗಿ ಇದರಿಂದ.

ಆದ್ದರಿಂದ ಎರಡು ಜೀನ್‌ಗಳೂ ಕೆಟ್ಟಿರುವ ಮಗುವಿಗೆ ಸ್ಟಾಟಿನ್ ಹೆಚ್ಚು ಉಪಯೋಗಕ್ಕೆ ಬಾರದು. ಇಲ್ಲದ ಬಾಗಿಲನ್ನು ತೆರೆಯುವುದೆಂತು? ಆದರೆ ಸ್ಟಾರ್ಮಿಯ ದೇಹದಲ್ಲಿ ಈಗ ಬೇರೆಯ ಯಕೃತ್ತಿತ್ತು. ಕಸಿಯ ನಂತರ ಲೊವಾಸ್ಟಾಟಿನ್ ಕೊಟ್ಟಾಗ ಅವಳ ಕೊಲೆಸ್ಟರಾಲ್ ಸಾಮಾನ್ಯ ಮಟ್ಟಕ್ಕೆ ಬಂದಿತೆಂದು ವೈದ್ಯರು 1986ರಲ್ಲಿ ವರದಿ ಮಾಡಿದರು.

ಕಸಿ ಅವಳಿಗೆ ಆರು ವರ್ಷಕ್ಕೂ ಹೆಚ್ಚಿನ ಬದುಕು ಕೊಟ್ಟಿತು. 1990ರ ಆರಂಭದಲ್ಲಿ ಯಕೃತ್ತನ್ನು ಇನ್ನೊಮ್ಮೆ ಬದಲಿಸಬೇಕಾಯಿತು. ಅದೇ ವರ್ಷ ನವೆಂಬರ್‌ನಲ್ಲಿ, ಕಸಿ ಮಾಡಿದ ಹೃದಯವನ್ನು ದೇಹ ತಿರಸ್ಕರಿಸಿ, 13ನೆಯ ವಯಸ್ಸಿನಲ್ಲಿ ಅವಳು ತೀರಿಕೊಂಡಳು.

ಇಂದು ಇಂಥ ಮಕ್ಕಳಿಗೆ ಬೇರೆ ದಾರಿಗಳಿವೆ. ಯಂತ್ರದ ಮೂಲಕ ರಕ್ತ ಹಾಯಿಸಿ ಎಲ್‌ಡಿಎಲ್ ಸೋಸಿ ತೆಗೆಯಬಹುದು. ಲೊಮಿಟಪೈಡ್ ಎಂಬ ಔಷಧ ಯಕೃತ್ತಿನಲ್ಲಿ ಲಾರಿಗೆ ಸರಕು ತುಂಬುವುದನ್ನೇ ತಡೆಯುತ್ತದೆ. ಬಾಗಿಲಿಲ್ಲದಿದ್ದರೂ ಇದು ಕೆಲಸ ಮಾಡುತ್ತದೆ, ಏಕೆಂದರೆ ಹೊರಡುವ ಲಾರಿಗಳೇ ಕಡಿಮೆಯಾಗುತ್ತವೆ. ಆದರೆ ಹೊರಹೋಗದ ಎಣ್ಣೆ ಯಕೃತ್ತಿನಲ್ಲೇ ಶೇಖರವಾಗುವ ಅಪಾಯವಿದೆ. ಸಾಗಣೆಯ ಒಂದು ಕಡೆ ಕಟ್ಟೆ ಹಾಕಿದರೆ ಇನ್ನೊಂದು ಕಡೆ ತುಂಬಿಕೊಳ್ಳುತ್ತದೆ.

ಗುರುತಿಸುವುದು ಹೇಗೆ

ಎರಡು ಜೀನ್‌ಗಳೂ ಕೆಟ್ಟಿರುವುದು ಅಪರೂಪ. ಲಕ್ಷಗಟ್ಟಲೆ ಜನರಲ್ಲಿ ಒಬ್ಬರಿಗೆ. ಆದರೆ ಒಂದು ಜೀನ್ ಮಾತ್ರ ಕೆಟ್ಟಿರುವವರು ಅಪರೂಪವಲ್ಲ. ಸುಮಾರು 250ರಿಂದ 300 ಜನರಲ್ಲಿ ಒಬ್ಬರು ಇರುತ್ತಾರೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಇವರಿಗೆ ಅರ್ಧದಷ್ಟು ಬಾಗಿಲುಗಳಿರುತ್ತವೆ. ದಪ್ಪಗಿರಬೇಕೆಂದಿಲ್ಲ, ತುಪ್ಪ ತಿನ್ನುವವರಾಗಿರಬೇಕೆಂದೂ ಇಲ್ಲ. ಹುಟ್ಟಿನಿಂದಲೇ ಎಲ್‌ಡಿಎಲ್ ಏರಿರುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ನಲವತ್ತು, ಐವತ್ತರ ಆಸುಪಾಸಿನಲ್ಲೇ ಹೃದಯಾಘಾತವಾಗಬಹುದು. ಒಂದು ಜೀನ್ ಸರಿಯಿರುವುದರಿಂದ ಇವರಿಗೆ ಸ್ಟಾಟಿನ್ ಚೆನ್ನಾಗಿ ಹಿಡಿಯುತ್ತದೆ.

ವಯಸ್ಕರ ರಕ್ತಪರೀಕ್ಷೆಯಲ್ಲಿ ಎಲ್‌ಡಿಎಲ್ 190 ದಾಟಿದ್ದರೆ, ಜೊತೆಗೆ ಹತ್ತಿರದ ರಕ್ತಸಂಬಂಧಿಗಳಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ ಈ ಕಾಯಿಲೆಯನ್ನು ಶಂಕಿಸಬೇಕು. ಥೈರಾಯ್ಡ್ ಕೊರತೆ, ಕೆಲವು ಮೂತ್ರಪಿಂಡದ ಕಾಯಿಲೆಗಳೂ ಎಲ್‌ಡಿಎಲ್ ಏರಿಸುವುದರಿಂದ ವೈದ್ಯರು ಮೊದಲು ಅವು ಇಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ದೇಹದ ಮೇಲೂ ಗುರುತುಗಳಿರಬಹುದು. ಹಿಮ್ಮಡಿಯ ಮೇಲಿನ ನರದಂಥ ಸ್ನಾಯುರಜ್ಜು ದಪ್ಪಗಾಗಿರುತ್ತದೆ, ಬೆರಳ ಗೆಣ್ಣುಗಳ ಹಿಂಬದಿಯಲ್ಲಿ ಗಟ್ಟಿ ಗಂಟುಗಳಿರುತ್ತವೆ. ಎರಡು ಜೀನ್‌ಗಳೂ ಕೆಟ್ಟ ಮಕ್ಕಳಲ್ಲಿ ಮೊಣಕೈ, ಮೊಣಕಾಲು, ಕುಂಡೆಗಳ ಮೇಲೆ ಹಳದಿ ಗಂಟುಗಳು ಏಳುತ್ತವೆ. ಹಾದಿಯಲ್ಲೇ ಉಳಿದ ಮೇಣ ಅದು. ಇದನ್ನು ಚರ್ಮರೋಗವೆಂದು ತಿಳಿದು ಮುಲಾಮು ಹಚ್ಚಿ ವರ್ಷಗಳನ್ನು ಕಳೆದರೆ, ಅಷ್ಟರಲ್ಲಿ ಹೃದಯದ ರಕ್ತನಾಳ ಮುಚ್ಚುತ್ತಾ ಹೋಗಿರುತ್ತದೆ.

ನಮ್ಮ ಕಡೆ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ದಕ್ಷಿಣ ಭಾರತದಲ್ಲಿ ಹಳೆಯದು. ಒಂದೇ ಮನೆತನದ ಕೆಟ್ಟ ಜೀನ್ ಗಂಡ ಹೆಂಡತಿ ಇಬ್ಬರಲ್ಲೂ ಇರುವ ಸಂಭವ ಇಲ್ಲಿ ಹೆಚ್ಚು. ಹಾಗಿದ್ದಾಗ ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕೆಟ್ಟ ಜೀನ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಒಬ್ಬರಲ್ಲಿ ಈ ಕಾಯಿಲೆ ಖಚಿತವಾದರೆ ಅವರ ಒಡಹುಟ್ಟಿದವರಿಗೆ, ಮಕ್ಕಳಿಗೆ ಅದು ಇರುವ ಸಾಧ್ಯತೆ ಎರಡರಲ್ಲಿ ಒಂದು. ಪತ್ತೆಗೆ ಬೇಕಾದದ್ದು ಸಾಮಾನ್ಯ ರಕ್ತಪರೀಕ್ಷೆ ಅಷ್ಟೆ. ನಲವತ್ತೈದರ ಅಣ್ಣ ಹೃದಯಾಘಾತವಾಗಿ ಆಸ್ಪತ್ರೆ ಸೇರಿದ ದಿನ ನೋಡಲು ಬಂದ ತಮ್ಮ, ತಂಗಿ, ಮಕ್ಕಳು ತಮ್ಮ ರಕ್ತವನ್ನೂ ಒಮ್ಮೆ ಪರೀಕ್ಷೆಗೆ ಕೊಟ್ಟು ಬರುವುದು ಒಳ್ಳೆಯದು.