ದೂರು ಪತ್ರದ ಮರ್ಯಾದೆ

ಫ್ರಿಜ್ ಕೊಂಡು ಏಳು ತಿಂಗಳು. ವಾರಂಟಿ ಒಂದು ವರ್ಷ. ಮೆಕ್ಯಾನಿಕ್ ಎರಡು ಸಲ ಬಂದು ಗ್ಯಾಸ್ ತುಂಬಿ ಹೋದರೂ ರಾತ್ರಿ ಇಟ್ಟ ಹಾಲು ಬೆಳಗ್ಗೆ ಒಡೆದಿರುತ್ತದೆ. ಕಂಪನಿಗೆ ಬರೆಯಲು ಕೂತರೆ ಮೊದಲು ಬರುವ ಸಾಲು ಹೀಗಿರುತ್ತದೆ: "ನಿಮ್ಮ ಹುಡುಗ ಎರಡು ಸಲ ಬಂದ, ಏನೂ ಮಾಡ್ಲಿಲ್ಲ. ಗ್ರಾಹಕರಿಗೆ ಮೋಸ ಮಾಡ್ತಿದೀರಾ. ಬೇಗ ಏನಾದ್ರೂ ಮಾಡಿ."

ಸಿಟ್ಟೇನೋ ನ್ಯಾಯವಾದದ್ದೇ. ಆದರೆ ಇದನ್ನು ಓದುವವರು ಫ್ರಿಜ್ ತಯಾರಿಸಿದವರಲ್ಲ, ದಿನವಿಡೀ ದೂರುಗಳನ್ನೇ ನೋಡುವ ನೌಕರರು. ವಿಷಯ ಬಗೆಹರಿಯದಿದ್ದರೆ ಇದೇ ಕಾಗದ ನಾಳೆ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ದಾಖಲೆಯಾಗಿ ನಿಲ್ಲುತ್ತದೆ. ಆಗ ನಮಗೂ ಕಂಪನಿಗೂ ಸಂಬಂಧವಿಲ್ಲದ ಮೂರನೆಯವರು ಓದುತ್ತಾರೆ. ಹಾಗಾಗಿ ದೂರು ಪತ್ರದ ಭಾಷೆಯನ್ನು ಆ ಮೂರನೆಯವರ ಕಣ್ಣಿನಿಂದ ನೋಡುವುದು ಒಳ್ಳೆಯದು.

ಸಂಬೋಧನೆ ಸುಲಭ. ಹೆಸರು ಗೊತ್ತಿಲ್ಲದಿದ್ದರೆ "ಗ್ರಾಹಕ ಕುಂದುಕೊರತೆ ಅಧಿಕಾರಿಗಳು" ಎಂದು ಹುದ್ದೆ ಬರೆದು, ಕೆಳಗೆ "ಮಾನ್ಯರೇ" ಎಂದರೆ ಸಾಕು. ಓದುವವರು ಗಂಡಸೋ ಹೆಂಗಸೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಒಳಗೆ "ನೀವು" ಎಂದರೂ ತಪ್ಪಿಲ್ಲ, "ತಾವು" ಎಂದರೆ ಇನ್ನೊಂದು ಮೆಟ್ಟಿಲು ಮೇಲೆ. ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೂ ನಡೆಸಬೇಕು. ಮೊದಲ ಸಾಲಿನಲ್ಲಿ "ತಮ್ಮ ಸಂಸ್ಥೆ", ಮೂರನೆಯದರಲ್ಲಿ "ನಿಮ್ಮ ಕಂಪನಿಯವರು" ಎಂದು ಬಂದರೆ, ಬರೆಯುತ್ತ ಬರೆಯುತ್ತ ಸಿಟ್ಟು ಏರಿದ್ದು ಎದ್ದು ಕಾಣುತ್ತದೆ.

"ನಿಮ್ಮ ಹುಡುಗ ಬಂದ" ಎಂಬಲ್ಲಿ ಹೆಚ್ಚು ಎಚ್ಚರ ಬೇಕು. ಮನೆಗೆ ಬಂದವರನ್ನು ಏಕವಚನಕ್ಕೆ ಇಳಿಸಿದ ಕೂಡಲೇ ಓದುವವರ ಸಹಾನುಭೂತಿ ಅತ್ತ ವಾಲುತ್ತದೆ. ಹಾಗೆಂದು "ತಂತ್ರಜ್ಞರು ಬಂದಿದ್ದರು" ಎಂದಷ್ಟೇ ಬರೆದರೆ, ಬಂದವರು ಒಬ್ಬರೋ ಇಬ್ಬರೋ ತಿಳಿಯದು. ಕನ್ನಡದಲ್ಲಿ ಗೌರವಕ್ಕೂ ಬಹುವಚನಕ್ಕೂ ರೂಪ ಒಂದೇ ತಾನೆ. "ತಂತ್ರಜ್ಞರೊಬ್ಬರು" ಎಂದರೆ ಮರ್ಯಾದೆಯೂ ಉಳಿಯಿತು, ಲೆಕ್ಕವೂ ಸಿಕ್ಕಿತು.

ಶಿಷ್ಟ ಭಾಷೆಯ ಇನ್ನೊಂದು ಮೋಹ "ಲಾಗಿದೆ, ಲಾಯಿತು". "ಫ್ರಿಜ್ ಸರಿಯಾಗಿದೆ ಎಂದು ತಿಳಿಸಲಾಯಿತು" ಎಂಬ ವಾಕ್ಯ ಕಚೇರಿಯ ಕಾಗದದಂತೆ ಗಂಭೀರವಾಗಿದೆ, ಆದರೆ ತಿಳಿಸಿದವರು ಯಾರು? ದೂರಿನಲ್ಲಿ ಮುಖ್ಯವಾಗಿ ಹೇಳಬೇಕಾದದ್ದನ್ನೇ ಅದು ನುಂಗಿಬಿಟ್ಟಿದೆ. ಅದಕ್ಕಿಂತ ದೊಡ್ಡ ಬಲೆ "ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ". ಅರ್ಜಿ ಬರೆದು ರೂಢಿಯಾದ ಕೈಗೆ ಇದು ತಾನಾಗಿಯೇ ಬರುತ್ತದೆ. ಕಂಪನಿಯೂ ಅಷ್ಟೇ ಸಲೀಸಾಗಿ "ಸೂಕ್ತ ಕ್ರಮ ಕೈಗೊಳ್ಳಲಾಗಿದೆ" ಎಂದು ಉತ್ತರಿಸಿ ಕಡತ ಮುಚ್ಚಬಹುದು. ಏನು ಬೇಕು, ಎಷ್ಟು ದಿನದೊಳಗೆ ಬೇಕು ಎಂದು ಹೇಳುವುದರಿಂದ ವಿನಯಕ್ಕೇನೂ ಕುಂದಿಲ್ಲ.

ಈಗ ಅದೇ ದೂರನ್ನು ತಿದ್ದಿ ಬರೆಯೋಣ:

"ಮಾನ್ಯರೇ, ಮಾರ್ಚ್ 4ರಂದು ನಾನು ತಮ್ಮ ಸಂಸ್ಥೆಯ ಫ್ರಿಜ್ ಖರೀದಿಸಿದ್ದೇನೆ (ಬಿಲ್ಲಿನ ಪ್ರತಿ ಲಗತ್ತಿಸಿದೆ). ಅದು ತಣ್ಣಗಾಗುತ್ತಿಲ್ಲ. ಸೆಪ್ಟೆಂಬರ್ 10 ಮತ್ತು 22ರಂದು ತಮ್ಮ ತಂತ್ರಜ್ಞರೊಬ್ಬರು ಬಂದು ಗ್ಯಾಸ್ ತುಂಬಿಸಿದರು. ಎರಡೂ ಸಲ ನಾಲ್ಕೈದು ದಿನಗಳಲ್ಲೇ ತೊಂದರೆ ಮರುಕಳಿಸಿತು. ವಾರಂಟಿ ಅವಧಿ ಇನ್ನೂ ಇರುವುದರಿಂದ, ಈ ಪತ್ರ ತಲುಪಿದ 15 ದಿನಗಳೊಳಗೆ ಫ್ರಿಜ್ ಬದಲಿಸಿಕೊಡಬೇಕೆಂದು ಕೋರುತ್ತೇನೆ. ತಪ್ಪಿದಲ್ಲಿ ಗ್ರಾಹಕರ ಆಯೋಗದ ಮೊರೆ ಹೋಗುವುದು ನನಗೆ ಅನಿವಾರ್ಯವಾಗುತ್ತದೆ."

"ಮೋಸ" ಎಂಬ ಮಾತು ಹೋಗಿದೆ, ಆ ಜಾಗಕ್ಕೆ ತಾರೀಖುಗಳು ಬಂದಿವೆ. ಮೋಸ ಎಂದರೆ ಬೇಕೆಂದೇ ಮಾಡಿದ್ದು. ಅದನ್ನು ಸಾಬೀತುಪಡಿಸುವ ಹೊರೆ ನಮ್ಮ ಮೇಲೇ ಬೀಳುತ್ತದೆ. ಎರಡು ಸಲ ರಿಪೇರಿಯಾಗಿಯೂ ಕೆಟ್ಟಿತು ಎಂಬುದಕ್ಕಾದರೆ ಸರ್ವೀಸ್ ಚೀಟಿಯೇ ಸಾಕ್ಷಿ. ಕೊನೆಯ ಸಾಲೂ ಬೆದರಿಕೆಯೇ, ಆದರೆ "ಅನಿವಾರ್ಯವಾಗುತ್ತದೆ" ಎಂಬ ಕ್ರಿಯಾಪದ ಅದರ ಮೊನಚನ್ನು ಒಳಗಿಟ್ಟುಕೊಂಡಿದೆ. "ಕೋರ್ಟಿಗೆ ಎಳೀತೀನಿ" ಎನ್ನುವುದಕ್ಕಿಂತ ಇದರ ತೂಕ ಹೆಚ್ಚು ಎಂದೇ ನನ್ನ ಅನಿಸಿಕೆ. ಫ್ರಿಜ್ಜನ್ನು ಫ್ರಿಜ್ ಎಂದೇ, ವಾರಂಟಿಯನ್ನು ವಾರಂಟಿ ಎಂದೇ ಬಿಟ್ಟಿದ್ದೇವೆ. ಗಾಂಭೀರ್ಯಕ್ಕಾಗಿ ಸಂಸ್ಕೃತ ಪದ ಹುಡುಕುವ ಅಗತ್ಯವಿಲ್ಲ.

ಸಹಿಯ ಮೇಲೆ ಶಾಲೆಯಲ್ಲಿ ಕಲಿತ "ಇಂತಿ ತಮ್ಮ ವಿಧೇಯ" ಬೇಡ. ದುಡ್ಡು ಕೊಟ್ಟವರು ವಿಧೇಯರಾಗಬೇಕಿಲ್ಲ, "ವಂದನೆಗಳೊಂದಿಗೆ" ಸಾಕು.

ಆನ್‌ಲೈನ್‌ನಲ್ಲಿ ಕೊಂಡ ವಸ್ತುವಾದರೆ, 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಮುಟ್ಟಿತೆಂದು ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ಉತ್ತರವೇ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆಯೋಗಕ್ಕೆ ಹೋಗಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಡುವ ಸಮಯ, ದೂರಿಗೆ ಕಾರಣ ಹುಟ್ಟಿದಂದಿನಿಂದ ಎರಡು ವರ್ಷ. ಕಂಪನಿಗೆ ಬರೆದ ಪತ್ರದ ಪ್ರತಿ, ಅಂಚೆಯ ರಸೀದಿ ಅಥವಾ ಇಮೇಲನ್ನು ಅಲ್ಲಿಯವರೆಗೆ ಜೋಪಾನ ಮಾಡಿ.