ಮೆಂಡರ್ ಹುಡುಕಿ ಎದ್ದ ಹುಡುಗ

ಬಿ.ಎಡ್. ಓದುವವರು ಒಪ್ಪಿಸುವ ರೆಕಾರ್ಡುಗಳಲ್ಲಿ ವ್ಯಕ್ತಿ ಅಧ್ಯಯನವೂ ಒಂದು. ಒಬ್ಬ ವಿದ್ಯಾರ್ಥಿಯನ್ನು ಆರಿಸಿಕೊಂಡು, ಅವನ ತೊಂದರೆಯನ್ನು ಹತ್ತಿರದಿಂದ ನೋಡಿ, ಪರಿಹಾರವೊಂದನ್ನು ಪ್ರಯತ್ನಿಸಿ ಬರೆಯಬೇಕು. ‘ಗಮನ ಕೊಡದ ಮಗು’ ಎಂಬ ವಿಷಯವನ್ನು ಆರಿಸಿಕೊಳ್ಳುವವರು ಬಹಳ, ಅಂಥ ಮಗು ಸಿಗದ ತರಗತಿ ಇಲ್ಲವಲ್ಲ! ಆದರೆ ಎಷ್ಟೋ ರೆಕಾರ್ಡುಗಳು ಮೊದಲ ಪುಟದಲ್ಲೇ ಮುಗಿದುಹೋಗಿರುತ್ತವೆ: ‘ಚಂಚಲ ಸ್ವಭಾವ, ಪಾಠದಲ್ಲಿ ಆಸಕ್ತಿಯಿಲ್ಲ, ಮನೆಯಲ್ಲಿ ಓದುವ ವಾತಾವರಣವಿಲ್ಲ.’ ಇವೆಲ್ಲ ತೀರ್ಪುಗಳು. ಮಗು ಏನು ಮಾಡಿತು ಎಂಬುದು ಎಲ್ಲೂ ಬಂದಿರುವುದಿಲ್ಲ.

ಹಲವು ಮಕ್ಕಳನ್ನು ಕೂಡಿಸಿ ಕಟ್ಟಿದ ಒಂದು ಮಾದರಿಯನ್ನು ಇಲ್ಲಿ ಬಿಡಿಸಿ ನೋಡೋಣ. ಹುಡುಗನನ್ನು ಮಂಜು ಎನ್ನೋಣ. ವಯಸ್ಸು 9, ಸರ್ಕಾರಿ ಶಾಲೆಯ ನಾಲ್ಕನೇ ತರಗತಿ. ‘ಒಂದು ಕಡೆ ಕೂರೋದೇ ಇಲ್ಲ, ಬರೆಯೋದು ಅಂದ್ರೆ ಸೋಮಾರಿ’ ಎಂಬುದು ತರಗತಿ ಶಿಕ್ಷಕಿಯ ದೂರು. ‘ಮೂರನೇ ಕ್ಲಾಸಿನ ತನಕ ಚೆನ್ನಾಗೇ ಇದ್ದ’ ಎನ್ನುವುದೂ ಅವರೇ. ಈ ಎರಡನೆಯ ಮಾತನ್ನು ಬರೆದಿಟ್ಟುಕೊಳ್ಳಬೇಕು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯವರೆಗೆ ನಲಿಕಲಿ. ಮಕ್ಕಳು ಗುಂಪಿನಿಂದ ಗುಂಪಿಗೆ ಓಡಾಡುತ್ತ, ಕಾರ್ಡು ಹಿಡಿದು ಕಲಿಯುತ್ತಾರೆ. ನಾಲ್ಕಕ್ಕೆ ಬಂದೊಡನೆ ಸಾಲಾಗಿ ಕೂತು ಬೋರ್ಡು ನೋಡಿ ಬರೆಯುವ ಕೆಲಸ ಹೆಚ್ಚುತ್ತದೆ. ಮಂಜು ಬದಲಾದನೋ, ಅವನಿಗೆ ಒಪ್ಪಿಸಿದ ಕೆಲಸ ಬದಲಾಯಿತೋ? ಅಧ್ಯಯನ ಕೇಳಬೇಕಾದ ಪ್ರಶ್ನೆ ಅದು.

ಉತ್ತರ ಬೇಕಿದ್ದರೆ ಎಣಿಸಬೇಕು. ಅದರ ವಿಧಾನ ಸರಳ: ತರಗತಿಯ ಹಿಂದೆ ಕೂತು, 15 ನಿಮಿಷ, 30 ಸೆಕೆಂಡಿಗೊಮ್ಮೆ ತಲೆ ಎತ್ತಿ ಮಂಜುವನ್ನು ನೋಡುವುದು. ಆ ಕ್ಷಣ ಕೊಟ್ಟ ಕೆಲಸದಲ್ಲಿದ್ದರೆ ಒಂದು ಗೆರೆ, ಇಲ್ಲದಿದ್ದರೆ ಸೊನ್ನೆ. ಒಟ್ಟು 30 ನೋಟ. ಅದೇ ಹೊತ್ತಿಗೆ ಸಾಧಾರಣವಾಗಿ ಓದುವ ಇನ್ನೊಬ್ಬ ಹುಡುಗನಿಗೂ ಹಾಗೆಯೇ ಗುರುತು ಹಾಕಬೇಕು. ಈ ಎರಡನೆಯ ಹುಡುಗನಿಲ್ಲದ ಅಧ್ಯಯನವನ್ನು ನಾನಂತೂ ನಂಬುವುದಿಲ್ಲ. ಊಟವಾದ ಮೇಲಿನ ಪೀರಿಯಡ್ಡಿನಲ್ಲಿ ಇಡೀ ತರಗತಿಯೇ ತೂಕಡಿಸುತ್ತಿದ್ದರೆ, ಮಂಜು ಒಬ್ಬನ ಮೇಲೆ ಗಮನದ ಕೊರತೆಯ ಹಣೆಪಟ್ಟಿ ಹಚ್ಚುವುದು ಅನ್ಯಾಯ. ಮೊದಲ ದಿನದ ಎಣಿಕೆಯನ್ನೂ ಲೆಕ್ಕಕ್ಕೆ ಹಿಡಿಯಬಾರದು. ಹೊಸಬರು ಹಿಂದೆ ಕೂತಿದ್ದಾರೆಂದು ಮಕ್ಕಳು ಆ ದಿನ ಬೇರೆಯೇ ಆಗಿರುತ್ತಾರೆ.

ನಮ್ಮ ಮಾದರಿಯಲ್ಲಿ ಸಿಕ್ಕ ಲೆಕ್ಕ ಹೀಗಿದೆ. ಬಾಯಿಲೆಕ್ಕದ ಹೊತ್ತಿನಲ್ಲಿ ಮಂಜು 30ಕ್ಕೆ 22 ಬಾರಿ ಕೆಲಸದಲ್ಲಿದ್ದ, ಪಕ್ಕದ ಹುಡುಗ 25. ಶಿಕ್ಷಕಿ ಕಥೆ ಹೇಳುವಾಗ ಇಬ್ಬರಿಗೂ ಹೆಚ್ಚು ವ್ಯತ್ಯಾಸವಿಲ್ಲ. ಬೋರ್ಡು ನೋಡಿ ಬರೆಯುವಾಗ ಮಾತ್ರ ಆ ಹುಡುಗ 24, ಮಂಜು 11. ‘ಯಾವಾಗಲೂ ಗಮನವಿಲ್ಲ’ ಎಂಬ ದೂರು ಇಲ್ಲಿಗೆ ಬಿದ್ದುಹೋಗುತ್ತದೆ.

ಇನ್ನು ಎದ್ದು ಓಡಾಡುವ ವಿಷಯ. ಇದಕ್ಕೆ ಬೇರೆ ಹಾಳೆ ಬೇಕು, ಅದರಲ್ಲಿ ಮೂರು ಕಲಂ: ಮೊದಲು ಏನು ನಡೆಯುತ್ತಿತ್ತು, ಹುಡುಗ ಏನು ಮಾಡಿದ, ಆಮೇಲೆ ಏನಾಯಿತು. ಒಂದು ವಾರದಲ್ಲಿ ಮಂಜು ಮೆಂಡರ್ ಕೇಳುವ ನೆಪದಲ್ಲಿ ಏಳು ಬಾರಿ ಎದ್ದ. ಐದು ಬಾರಿ ಎದ್ದದ್ದು ಬೋರ್ಡು ಬರವಣಿಗೆ ನಡುವೆ. ಮೂರನೇ ಕಲಂ ಓದಿದಾಗ ವಿಷಯ ಹೊರಬೀಳುತ್ತದೆ. ಆ ಏಳರಲ್ಲಿ ನಾಲ್ಕು ಬಾರಿ ಶಿಕ್ಷಕಿ ರೇಗಿ ‘ಹೊರಗೆ ನಿಲ್ಲು ಹೋಗು’ ಎಂದಿದ್ದರು. ಅವನು ಹೊರಗೆ ನಿಂತ, ಬರವಣಿಗೆ ತಪ್ಪಿತು. ಅವರ ಲೆಕ್ಕದಲ್ಲಿ ಅದು ಶಿಕ್ಷೆ, ಅವನ ಲೆಕ್ಕದಲ್ಲಿ ಬಿಡುಗಡೆ. ಮುಂದಿನ ಬಾರಿ ಇನ್ನೂ ಬೇಗ ಏಳುವುದನ್ನು ಅವರೇ ಕಲಿಸಿಕೊಟ್ಟಂತಾಯಿತು. ಮಗುವಿನ ‘ಸ್ವಭಾವ’ದ ಬಗ್ಗೆ ನಾಲ್ಕು ಪುಟ ಬರೆದರೂ ಈ ಸಂಗತಿ ಸಿಗುತ್ತಿರಲಿಲ್ಲ.

ಬರವಣಿಗೆಯಿಂದ ತಪ್ಪಿಸಿಕೊಳ್ಳುವುದೇಕೆ? ಬೋರ್ಡು ಕಾಣದಿರಬಹುದೆಂದು ಮೊದಲು ಕಣ್ಣು ಪರೀಕ್ಷೆ ಆಗಬೇಕು, ಜೊತೆಗೆ ಕಿವಿಯದೂ. ಶಾಲೆಗೆ ಬರುವ ಆರೋಗ್ಯ ತಪಾಸಣಾ ತಂಡಕ್ಕೆ ಮಗುವನ್ನು ತೋರಿಸಬಹುದು. ನಿದ್ದೆ, ರಕ್ತಹೀನತೆಗಳನ್ನೂ ವಿಚಾರಿಸಬೇಕು. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ: ಮಗು ಕೆಲವು ಸೆಕೆಂಡು ಶೂನ್ಯದಲ್ಲಿ ನೋಟ ನೆಟ್ಟು, ಭುಜ ಮುಟ್ಟಿ ಕರೆದರೂ ಅಲುಗದೆ, ಆಮೇಲೆ ಏನೂ ಆಗದಂತೆ ಕೆಲಸ ಮುಂದುವರಿಸಿದರೆ ಅದು ಹಗಲುಗನಸು ಆಗಿರಲಿಕ್ಕಿಲ್ಲ. ಒಂದು ಬಗೆಯ ಮೂರ್ಛೆರೋಗ ಹೀಗೆಯೇ ಕಾಣಿಸಿಕೊಳ್ಳುತ್ತದೆ. ಅಂಥ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಮಂಜುವಿನ ಕಣ್ಣು, ಕಿವಿ ಸರಿಯಿದ್ದವು. ಎರಡನೇ ತರಗತಿಯ ಪಾಠವೊಂದನ್ನು ಅವನ ಕೈಗೆ ಕೊಟ್ಟು ಓದಿಸಿದಾಗ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಉಳಿದವರು ಬೋರ್ಡಿನಿಂದ ಇಡೀ ಪದವನ್ನು ಒಮ್ಮೆಗೇ ತಲೆಯಲ್ಲಿಟ್ಟುಕೊಂಡು ಬರೆಯುತ್ತಾರೆ. ಇವನು ಪ್ರತಿ ಅಕ್ಷರಕ್ಕೂ ತಲೆ ಎತ್ತಬೇಕು, ಮತ್ತೆ ಸಾಲು ಹುಡುಕಬೇಕು. ಮೂರನೇ ಸಾಲಿಗೆ ಸುಸ್ತಾಗುವುದು ಸಹಜ. ಹಾಗಾದರೆ ಇದು ಓದಿನ ತೊಡಕೇ ಹೊರತು ಗಮನದ್ದಲ್ಲ ಎಂದು ಷರಾ ಬರೆದುಬಿಡಲೇ? ಅವಸರ ಬೇಡ. ಮನೆಯಲ್ಲಿ ಅವನ ತಾಯಿ ಹೇಳಿದ್ದು: ‘ಅಂಗಡಿಗೆ ಮೂರು ಸಾಮಾನು ಹೇಳಿ ಕಳಿಸಿದ್ರೆ ಒಂದು ತರ್ತಾನೆ ಮೇಡಂ, ಇನ್ನೆರಡು ಏನು ಅಂತ ನನ್ನನ್ನೇ ಕೇಳ್ತಾನೆ.’ ಚಿಕ್ಕಂದಿನಿಂದಲೂ ಹೀಗೇ ಅಂತೆ. ಓದಿನ ತೊಡಕು, ಗಮನದ ತೊಂದರೆ ಎರಡೂ ಒಂದೇ ಮಗುವಿನಲ್ಲಿ ಇರುವುದು ಅಪರೂಪವೇನಲ್ಲ. ವರದಿಯಲ್ಲಿ ಎರಡೂ ಸಾಧ್ಯತೆಗಳನ್ನು ತೆರೆದಿಡುವುದೇ ಸರಿ.

‘ಎಡಿಎಚ್‌ಡಿ ಇದೆ’ ಎಂದು ಬರೆಯುವುದು ಶಿಕ್ಷಕರ ಕೆಲಸವಲ್ಲ. ವೈದ್ಯರು ಅದನ್ನು ನಿರ್ಧರಿಸುವಾಗ ಲಕ್ಷಣಗಳು ಕನಿಷ್ಠ ಆರು ತಿಂಗಳಿನಿಂದ ಇವೆಯೇ, 12 ವರ್ಷಕ್ಕೆ ಮುಂಚೆಯೇ ಶುರುವಾದವೇ, ಮನೆ, ಶಾಲೆ ಎರಡೂ ಕಡೆ ಕಾಣುತ್ತವೆಯೇ ಎಂದು ನೋಡುತ್ತಾರೆ. ಶಾಲೆಯ ಕಡೆಯ ಉತ್ತರಕ್ಕೆ ಶಿಕ್ಷಕರ ಆ ಎಣಿಕೆಯ ಹಾಳೆಗಳು ನೆರವಾಗುತ್ತವೆ. ಜಿಲ್ಲಾ ಆಸ್ಪತ್ರೆಗೆ ಹೋಗಲಿ, ನಿಮ್ಹಾನ್ಸ್‌ಗೆ ಹೋಗಲಿ, ತಂದೆ ತಾಯಿ ಅವನ್ನು ಕೈಯಲ್ಲಿ ಹಿಡಿದು ಹೋಗಬಹುದು.

ರೋಗದ ಹೆಸರು ಗೊತ್ತಾಗುವ ತನಕ ತರಗತಿ ಕಾಯಬೇಕಿಲ್ಲ. ಆದರೆ ಐದಾರು ಉಪಾಯಗಳನ್ನು ಒಟ್ಟಿಗೆ ಹೂಡಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ. ಮಂಜುವಿಗೆ ಮೊದಲು ಬದಲಾಯಿಸಿದ್ದು ಬರವಣಿಗೆಯನ್ನೇ. ಬೋರ್ಡಿನ ಆರು ಸಾಲನ್ನು ದೊಡ್ಡ ಅಕ್ಷರದಲ್ಲಿ ಚೀಟಿಯ ಮೇಲೆ ಬರೆದು ಅವನ ನೋಟ್‌ಬುಕ್ಕಿನ ಪಕ್ಕದಲ್ಲಿಟ್ಟರು. ಎರಡು ಸಾಲು ಮುಗಿದಾಗ ಎದ್ದು ಬಂದು ಶಿಕ್ಷಕಿಗೆ ತೋರಿಸಬೇಕು, ಅವರು ಗುರುತು ಹಾಕಿದ ಮೇಲೆ ಮುಂದಿನೆರಡು. ಏಳುವುದು ಹೇಗೂ ಅವನಿಗೆ ಬೇಕು. ಈಗ ಅದು ಕೆಲಸ ಮುಗಿಸಿದ್ದಕ್ಕೆ ಸಿಗುತ್ತಿತ್ತು. ಹೊರಗೆ ನಿಲ್ಲಿಸುವುದನ್ನು ಪೂರ್ತಿ ಬಿಟ್ಟರು. ಎರಡು ವಾರದ ಮೇಲೆ ಎಣಿಸಿದರೆ ಮಂಜು 19, ಪಕ್ಕದ ಹುಡುಗ ಮೊದಲಿನಂತೆಯೇ 24. ಪಾಠವೇ ಸುಲಭವಾಗಿದ್ದರೆ ಅವನ ಲೆಕ್ಕವೂ ಏರಬೇಕಿತ್ತು. ಅದು ಏರದೆ ಮಂಜುವಿನದು ಮಾತ್ರ ಏರಿತೆಂದರೆ, ಚೀಟಿಯ ಉಪಾಯ ಹಿಡಿದಿದೆ ಎನ್ನಲು ಆಧಾರವಿದೆ. ಆಮೇಲೆ ಎರಡನೆಯ ಉಪಾಯ: ಒಂದು ಸಲಕ್ಕೆ ಒಂದೇ ಸೂಚನೆ, ಅದನ್ನು ಅವನ ಬಾಯಲ್ಲೇ ಹೇಳಿಸಿದ ಮೇಲೆ ಕೆಲಸ.

ಮೂರನೇ ವಾರ ಲೆಕ್ಕ 14ಕ್ಕೆ ಇಳಿಯಿತು. ಶಿಕ್ಷಕಿ ತರಬೇತಿಗೆ ಹೋಗಿದ್ದರು, ಬದಲಿಗೆ ಬಂದವರಿಗೆ ಚೀಟಿಯ ವಿಷಯ ಯಾರೂ ಹೇಳಿರಲಿಲ್ಲ. ರೆಕಾರ್ಡು ಚೆನ್ನಾಗಿ ಕಾಣಲೆಂದು ಇಂಥ ವಾರವನ್ನು ಬಿಟ್ಟುಬಿಡುವವರುಂಟು. ನನ್ನ ಮಟ್ಟಿಗೆ ವರದಿಯಲ್ಲಿ ಅದಕ್ಕೇ ಹೆಚ್ಚು ಬೆಲೆ, ಯಾಕೆಂದರೆ ಚೀಟಿ ನಿಂತರೆ ಗಮನವೂ ಇಳಿಯುತ್ತದೆ ಎಂದು ಅದು ತೋರಿಸುತ್ತದೆ. ಹಾಗಾಗಿ ಮಂಜುವಿನ ಅಧ್ಯಯನದ ಶಿಫಾರಸು ಐದನೇ ತರಗತಿಯ ಶಿಕ್ಷಕರ ಹೆಸರಿಗೇ ಇತ್ತು: ಜೂನ್‌ನಲ್ಲಿ ಮೊದಲ ದಿನದಿಂದಲೇ ಚೀಟಿ ಕೊಡಿ, ಒಮ್ಮೆಗೆ ಎರಡು ಸಾಲಿಗಿಂತ ಹೆಚ್ಚು ಬರೆಸಬೇಡಿ, ಓದಿನ ತೊಡಕಿನ ಪರೀಕ್ಷೆ ಇನ್ನೂ ಬಾಕಿಯಿದೆ.